ಹೆಂಡತಿಗೆ ಕೊಟ್ಟ ಹಣ, ಮಕ್ಕಳ ಗಳಿಕೆ: ತೆರಿಗೆ ಯಾರು ಕಟ್ಟಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಉದಾಹರಣೆಗಳಿಗೆಲ್ಲ ಒಂದೇ ಮನೆಯನ್ನು ಇಟ್ಟುಕೊಳ್ಳೋಣ. ಗಂಡ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ, ಹೊಸ ತೆರಿಗೆ ಪದ್ಧತಿಯಲ್ಲಿ ಶೇ 30ರ ಸ್ಲ್ಯಾಬ್‌ನಲ್ಲಿದ್ದಾರೆ. ಹೆಂಡತಿಗೆ ಸದ್ಯಕ್ಕೆ ಸ್ವಂತ ಆದಾಯ ಇಲ್ಲ. ಮಗಳಿಗೆ ಹದಿನೈದು ವರ್ಷ, ಚೆನ್ನಾಗಿ ನೃತ್ಯ ಮಾಡುತ್ತಾಳೆ. ಲೆಕ್ಕಗಳು 2025-26ರ ಹಣಕಾಸು ವರ್ಷದವು, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 64ರ ಪ್ರಕಾರ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದಿದೆ. ಅಲ್ಲಿ ಸೆಕ್ಷನ್ ನಂಬರ್ ಬದಲಾಗಿದೆ, ನಿಯಮದ ತಿರುಳು ಅದೇ.

ಹೆಂಡತಿಗೆ ಹಣ ಕೊಟ್ಟರೆ ಅದಕ್ಕೇ ತೆರಿಗೆ ಇದೆಯಾ?

ಇಲ್ಲ. ಗಂಡ ಹೆಂಡತಿಗೆ ಹತ್ತು ಲಕ್ಷ ಕೊಡಲಿ, ಒಂದು ಕೋಟಿ ಕೊಡಲಿ, ಕೊಟ್ಟವರಿಗೂ ಪಡೆದವರಿಗೂ ಆ ಮೊತ್ತದ ಮೇಲೆ ತೆರಿಗೆ ಇಲ್ಲ. ಹೆಂಡತಿ ಗಂಡನಿಗೆ ಕೊಟ್ಟರೂ ಹಾಗೇ.

ತಕರಾರು ಶುರುವಾಗುವುದು ಆ ಹಣ ದುಡಿಯಲು ಶುರು ಮಾಡಿದಾಗ. ಎಫ್‌ಡಿ ಬಡ್ಡಿ, ಬಾಡಿಗೆ, ಡಿವಿಡೆಂಡ್, ಷೇರು ಮಾರಿದ ಲಾಭ, ಯಾವುದೇ ಬಂದರೂ ಅದು ಕೊಟ್ಟವರ ಆದಾಯಕ್ಕೆ ಸೇರುತ್ತದೆ. ಇದನ್ನೇ ಕ್ಲಬ್ಬಿಂಗ್ ಅನ್ನುವುದು. ಖಾತೆ ಯಾರ ಹೆಸರಲ್ಲಿದೆ, ಪ್ಯಾನ್ ಯಾರದ್ದು ಅಂತ ಕಾನೂನು ಇಲ್ಲಿ ನೋಡುವುದಿಲ್ಲ. ಹಣ ಯಾರ ಕೈಯಿಂದ ಬಂತು ಅಂತ ನೋಡುತ್ತದೆ.

ಒಂದು ಲೆಕ್ಕ ಮಾಡಿ ತೋರಿಸ್ತೀರಾ?

2025ರ ಏಪ್ರಿಲ್ 1ರಂದು ಗಂಡ ಹೆಂಡತಿಯ ಖಾತೆಗೆ 10,00,000 ರೂಪಾಯಿ ಹಾಕಿದರು. ಅವರು ಅದೇ ದಿನ ಶೇ 7ರ ಬಡ್ಡಿಗೆ ಎಫ್‌ಡಿ ಮಾಡಿಸಿದರು. ವರ್ಷಕ್ಕೊಮ್ಮೆ ಬಡ್ಡಿ ಕೈಗೆ ಬರುವಂಥದ್ದು. ವರ್ಷದ ಕೊನೆಗೆ 70,000 ಬಂತು.

ಹೆಂಡತಿಗೆ ಬೇರೆ ಆದಾಯ ಇಲ್ಲ. ಹೊಸ ಪದ್ಧತಿಯಲ್ಲಿ ಮೊದಲ 4,00,000ಕ್ಕೆ ತೆರಿಗೆಯೇ ಇಲ್ಲ. ಹಾಗಾಗಿ ಇದು ಅವರ ಆದಾಯ ಆಗಿದ್ದರೆ ಒಂದು ಪೈಸೆಯೂ ಕಟ್ಟಬೇಕಾಗಿರಲಿಲ್ಲ. ಆದರೆ ಈ 70,000 ಗಂಡನ ರಿಟರ್ನ್‌ಗೆ ಹೋಗುತ್ತದೆ. ಅಲ್ಲಿ ಶೇ 30ರಂತೆ 21,000, ಮೇಲೆ ಶೇ 4ರ ಸೆಸ್ 840. ಒಟ್ಟು 21,840 ರೂಪಾಯಿ ತೆರಿಗೆ. ಹೆಂಡತಿಯ ಹೆಸರಲ್ಲಿ ಎಫ್‌ಡಿ ಮಾಡಿಸಿದ್ದರಿಂದ ತೆರಿಗೆ ಮಟ್ಟಿಗೆ ಏನೂ ಉಳಿಯಲಿಲ್ಲ.

ಆ ಬಡ್ಡಿಯನ್ನು ಮತ್ತೆ ಎಫ್‌ಡಿ ಇಟ್ಟರೆ? ಅದರ ಬಡ್ಡಿಯೂ ಗಂಡನಿಗೇನಾ?

ಇಲ್ಲ. ತುಂಬಾ ಜನ ಬಿಟ್ಟುಬಿಡುವುದು ಇದನ್ನೇ. ಗಂಡ ಕೊಟ್ಟದ್ದು 10,00,000. ಅದರಿಂದ ಹುಟ್ಟಿದ್ದು ಮಾತ್ರ ಗಂಡನಿಗೆ ಸೇರುತ್ತದೆ. ಬಂದ ಬಡ್ಡಿ ಹೆಂಡತಿಯ ಸ್ವಂತ ಹಣ. ತೆರಿಗೆ ಕಟ್ಟಿದ್ದು ಗಂಡ ಅನ್ನುವುದು ನಿಜ, ಆದರೆ ಹಣದ ಒಡತಿ ಹೆಂಡತಿಯೇ. ಹಾಗಾಗಿ ಆ ಬಡ್ಡಿ ಮುಂದೆ ಗಳಿಸುವುದು ಅವರದ್ದೇ ಆದಾಯ.

ಮೊದಲ ವರ್ಷದ 70,000ವನ್ನು ಅವರು ಇನ್ನೊಂದು ಎಫ್‌ಡಿಗೆ ಹಾಕಿದರು ಅಂದುಕೊಳ್ಳಿ. ಎರಡನೇ ವರ್ಷ ಹಳೆಯ ಎಫ್‌ಡಿಯಿಂದ ಮತ್ತೆ 70,000 ಬರುತ್ತದೆ, ಅದು ಗಂಡನ ಲೆಕ್ಕ. ಹೊಸ ಎಫ್‌ಡಿಯಿಂದ 4,900 ಬರುತ್ತದೆ, ಅದು ಹೆಂಡತಿಯ ಲೆಕ್ಕ. ಎರಡನೇ ವರ್ಷ ಬಂದ 70,000 ಮತ್ತು 4,900ನ್ನೂ ಅದೇ ಹೊಸ ಗಂಟಿಗೆ ಸೇರಿಸಿದರೆ ಅದು 1,44,900 ಆಗುತ್ತದೆ. ಮೂರನೇ ವರ್ಷ ಅದರ ಬಡ್ಡಿ 10,143. ಅದೂ ಪೂರ್ತಿ ಹೆಂಡತಿಯದೇ. ಗಂಡನ ಕಡೆ ಪ್ರತಿ ವರ್ಷ ಅದೇ 70,000 ನಿಂತಿರುತ್ತದೆ, ಹೆಂಡತಿಯ ಕಡೆ ಬೆಳೆಯುತ್ತಾ ಹೋಗುತ್ತದೆ. ಹತ್ತು-ಹದಿನೈದು ವರ್ಷದ ಲೆಕ್ಕದಲ್ಲಿ ಇದು ಸಣ್ಣ ವಿಷಯ ಅಲ್ಲ.

ಇದನ್ನು ತೋರಿಸಬೇಕಾದರೆ ಎರಡು ಗಂಟು ಬೇರೆ ಬೇರೆ ಇರಬೇಕು. ನನ್ನ ಸಲಹೆ ಕೇಳಿದರೆ, ಗಂಡ ಕೊಟ್ಟ ಹಣಕ್ಕೆ ಒಂದು ಉಳಿತಾಯ ಖಾತೆ, ಅದರಿಂದ ಬಂದ ಬಡ್ಡಿಗೆ ಇನ್ನೊಂದು. ಬಡ್ಡಿ ಬಂದ ತಕ್ಷಣ ಮೊದಲನೆಯದರಿಂದ ಎರಡನೆಯದಕ್ಕೆ ವರ್ಗಾಯಿಸಿಬಿಡಿ. ಬಡ್ಡಿ ಅಸಲಿಗೇ ಸೇರುತ್ತಾ ಹೋಗುವ ಕ್ಯುಮುಲೇಟಿವ್ ಎಫ್‌ಡಿ ಮಾಡಿಸಿದರೂ ಕಾನೂನು ಇದೇ, ಆದರೆ ಪ್ರತಿ ವರ್ಷ ಬ್ಯಾಂಕ್ ತೋರಿಸುವ ಒಂದೇ ಬಡ್ಡಿ ಮೊತ್ತವನ್ನು ನೀವೇ ಕೂತು ಎರಡು ಪಾಲು ಮಾಡಬೇಕಾಗುತ್ತದೆ. ಐದು ವರ್ಷ ಆದಮೇಲೆ ಯಾರಿಗೂ ನೆನಪಿರುವುದಿಲ್ಲ.

ಎಫ್‌ಡಿ ಮುರಿದು ಮ್ಯೂಚುವಲ್ ಫಂಡ್‌ಗೆ ಹಾಕಿದರೆ ಕ್ಲಬ್ಬಿಂಗ್ ತಪ್ಪುತ್ತದಾ?

ತಪ್ಪುವುದಿಲ್ಲ. ಹಣ ರೂಪ ಬದಲಿಸಿದರೂ ಕೊಟ್ಟವರ ನೆರಳು ಅದರ ಹಿಂದೆಯೇ ಬರುತ್ತದೆ. ನಗದು ಎಫ್‌ಡಿ ಆಗಿ, ಎಫ್‌ಡಿ ಷೇರು ಆಗಿ, ಷೇರು ಸೈಟ್ ಆದರೂ ಅಷ್ಟೇ.

ಷೇರು ಮತ್ತು ಫಂಡ್ ವಿಷಯದಲ್ಲಿ ಎರಡು ಮಾತು. ಲಿಸ್ಟೆಡ್ ಷೇರು ಮತ್ತು ಈಕ್ವಿಟಿ ಫಂಡ್‌ಗಳ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1,25,000ದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ಗಂಡನಿಗೊಂದು, ಹೆಂಡತಿಗೊಂದು ಅಂತ ಎರಡು ಸಲ ಈ ರಿಯಾಯಿತಿ ಸಿಗುತ್ತದೆ ಅಂತ ಹಣ ವರ್ಗಾಯಿಸುವವರು ಜಾಸ್ತಿ. ಲಾಭ ಕ್ಲಬ್ ಆಗುವುದರಿಂದ ಎರಡೂ ಗಂಡನ ಒಂದೇ 1,25,000ದ ಅಡಿಯಲ್ಲಿ ಬರುತ್ತವೆ. ಎರಡನೆಯದು, ನಷ್ಟವಾದರೆ ಆ ನಷ್ಟವೂ ಗಂಡನ ಲೆಕ್ಕಕ್ಕೇ ಬರುತ್ತದೆ. ಈ ನಿಯಮದಲ್ಲಿ ಆದಾಯ ಅಂದರೆ ನಷ್ಟವೂ ಸೇರಿಯೇ ಅಂತ ಕಾಯ್ದೆಯಲ್ಲೇ ಬರೆದಿದೆ.

ಅರ್ಧ ಹಣ ಹೆಂಡತಿಯದೇ ಇದ್ದರೆ?

ಆಗ ಪಾಲು ಹಾಕಬೇಕು. ಹೆಂಡತಿ 60 ಲಕ್ಷದ ಫ್ಲಾಟ್ ತಗೊಂಡರು. 20 ಲಕ್ಷ ತವರಿನಿಂದ ಬಂದದ್ದು, 40 ಲಕ್ಷ ಗಂಡ ಕೊಟ್ಟದ್ದು. ತಿಂಗಳಿಗೆ 24,000 ಬಾಡಿಗೆ, ವರ್ಷಕ್ಕೆ 2,88,000. ಮೂರರಲ್ಲಿ ಎರಡು ಪಾಲು ಅಂದರೆ 1,92,000 ಗಂಡನಿಗೆ. ಮನೆ ಬಾಡಿಗೆಗೆ ಸಿಗುವ ಶೇ 30ರ ಕಡಿತ ಕಳೆದರೆ ಅವರ ಆದಾಯಕ್ಕೆ ಸೇರುವುದು 1,34,400. ಉಳಿದ 96,000ದಲ್ಲಿ ಶೇ 30 ಕಳೆದು 67,200 ಹೆಂಡತಿಯ ಆದಾಯ. ಆಸ್ತಿ ತೆರಿಗೆ ಕಟ್ಟಿದ್ದರೆ ಅದನ್ನು ಮೊದಲೇ ಕಳೆಯಬಹುದು, ಇಲ್ಲಿ ಲೆಕ್ಕ ಸರಳವಾಗಿರಲಿ ಅಂತ ಬಿಟ್ಟಿದ್ದೇನೆ. ಮುಂದೆ ಫ್ಲಾಟ್ ಮಾರಿದಾಗ ಲಾಭವನ್ನೂ ಇದೇ ಅನುಪಾತದಲ್ಲಿ ಹಂಚಬೇಕು.

ಹಣ ಕೊಡುವ ಬದಲು ಗಂಡ ತನ್ನ ಹೆಸರಿನ ಮನೆಯನ್ನೇ ಹೆಂಡತಿಗೆ ದಾನಪತ್ರ ಮಾಡಿಕೊಟ್ಟರೆ ದಾರಿ ಸ್ವಲ್ಪ ಬೇರೆ. ಆಗ ಬಾಡಿಗೆಯ ಮಟ್ಟಿಗೆ ಗಂಡನೇ ಮನೆಯ ಮಾಲೀಕ ಅಂತ ತೆರಿಗೆ ಕಾಯ್ದೆ ಭಾವಿಸುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದ್ದರೂ ಸರಿ.

ಗಂಡ ಕೊಟ್ಟ ಹಣದಲ್ಲಿ ಹೆಂಡತಿ ಬೊಟಿಕ್ ತೆರೆದರೆ ಲಾಭವೆಲ್ಲ ಗಂಡನದ್ದಾ? ದುಡಿದದ್ದು ಅವಳಲ್ವಾ?

ನ್ಯಾಯವಾದ ಪ್ರಶ್ನೆ. ಕಾನೂನು ಇಲ್ಲಿ ದುಡಿಮೆಯನ್ನು ಅಳೆಯುವುದಿಲ್ಲ, ಬಂಡವಾಳವನ್ನು ಅಳೆಯುತ್ತದೆ. ಹಣಕಾಸು ವರ್ಷದ ಮೊದಲ ದಿನ ವ್ಯಾಪಾರದಲ್ಲಿದ್ದ ಒಟ್ಟು ಬಂಡವಾಳದಲ್ಲಿ ಗಂಡ ಕೊಟ್ಟದ್ದು ಎಷ್ಟು ಪಾಲೋ, ಲಾಭದಲ್ಲೂ ಅಷ್ಟು ಪಾಲು ಅವನಿಗೆ ಸೇರುತ್ತದೆ. ಹೊಸ ವ್ಯಾಪಾರಕ್ಕೆ ಶುರು ಮಾಡಿದ ದಿನವೇ ಮೊದಲ ದಿನ.

2025ರ ಜೂನ್‌ನಲ್ಲಿ ಬೊಟಿಕ್ ಶುರುವಾಯಿತು. ಗಂಡನ 3,00,000, ಹೆಂಡತಿ ತನ್ನ ಒಡವೆ ಮಾರಿ ಹಾಕಿದ 2,00,000. ಮಾರ್ಚ್ ಹೊತ್ತಿಗೆ ಲಾಭ 2,00,000. ಐದರಲ್ಲಿ ಮೂರು ಪಾಲು, ಅಂದರೆ 1,20,000 ಗಂಡನಿಗೆ. 80,000 ಹೆಂಡತಿಗೆ.

ಲಾಭದಲ್ಲಿ 1,00,000ವನ್ನು ಅವರು ವ್ಯಾಪಾರದಲ್ಲೇ ಬಿಟ್ಟರು. ಮುಂದಿನ ಏಪ್ರಿಲ್ 1ಕ್ಕೆ ಬಂಡವಾಳ 6,00,000. ಗಂಡನದ್ದು ಅದೇ 3,00,000. ಹಾಗಾಗಿ ಎರಡನೇ ವರ್ಷ ಅರ್ಧ ಲಾಭ ಮಾತ್ರ ಕ್ಲಬ್ ಆಗುತ್ತದೆ. ವ್ಯಾಪಾರದಲ್ಲಿ ಹೆಂಡತಿಯ ಲಾಭ ಉಳಿಯುತ್ತಾ ಹೋದಂತೆ ಗಂಡನ ಪಾಲು ಕರಗುತ್ತಾ ಬರುತ್ತದೆ. ಪ್ರತಿ ಏಪ್ರಿಲ್ 1ರ ಬಂಡವಾಳದ ಲೆಕ್ಕ ಒಂದು ಹಾಳೆಯಲ್ಲಿ ಬರೆದಿಟ್ಟಿರಿ, ಈ ಇಡೀ ಲೆಕ್ಕ ನಿಂತಿರುವುದೇ ಆ ಒಂದು ದಿನದ ಮೇಲೆ.

ಮನೆ ಖರ್ಚಿಗೆ ಕೊಟ್ಟದ್ದರಲ್ಲಿ ಉಳಿಸಿದ ಹಣ?

ಡಬ್ಬಿಯಲ್ಲಿ, ಸಾಸಿವೆ ಜಾಡಿಯಲ್ಲಿ ಉಳಿಸಿದ ಹಣ ಗೃಹಿಣಿಯ ಸ್ವಂತದ್ದು ಅಂತ ಕೋರ್ಟ್‌ಗಳು ಒಪ್ಪಿದ ತೀರ್ಪುಗಳಿವೆ. ಆದರೆ ಮೊತ್ತ ನಂಬುವ ಹಾಗಿರಬೇಕು. ತಿಂಗಳಿಗೆ ಒಂದು ಲಕ್ಷ ‘ದಿನಸಿಗೆ’ ಅಂತ ಹಾಕಿ, ಅದೇ ವಾರ 80,000 ಎಸ್‌ಐಪಿಗೆ ಹೋದರೆ ಯಾರು ನಂಬುತ್ತಾರೆ?

ಸಾಲ ಅಂತ ಕೊಟ್ಟರೆ?

ನಿಜವಾದ ಸಾಲ ಆದರೆ ಕ್ಲಬ್ಬಿಂಗ್ ಇಲ್ಲ. ನಿಜವಾದ ಸಾಲ ಅಂದರೆ ಬರವಣಿಗೆ ಇರಬೇಕು, ಮಾರುಕಟ್ಟೆಗೆ ಹತ್ತಿರದ ಬಡ್ಡಿ ಇರಬೇಕು, ಬಡ್ಡಿ ಮತ್ತು ಅಸಲು ಬ್ಯಾಂಕ್ ಮೂಲಕ ವಾಪಸ್ ಬರಬೇಕು. ಬಂದ ಬಡ್ಡಿಯನ್ನು ಗಂಡ ತನ್ನ ಆದಾಯದಲ್ಲಿ ತೋರಿಸಬೇಕು. ಎಫ್‌ಡಿ ಮಾಡುವವರಿಗೆ ಇದರಿಂದ ಲಾಭ ಇಲ್ಲ, ಕೊಟ್ಟ ಬಡ್ಡಿ ಬಂದ ಬಡ್ಡಿ ಸಮ ಆಗುತ್ತದೆ. ಬೊಟಿಕ್‌ನಂಥ ವ್ಯಾಪಾರಕ್ಕೆ ಮಾತ್ರ ಇದು ಒಳ್ಳೆಯ ದಾರಿ. ಮೇಲಿನ ಉದಾಹರಣೆಯಲ್ಲಿ 3,00,000 ಸಾಲವಾಗಿ ಬಂದಿದ್ದರೆ ಬಡ್ಡಿ ಕಳೆದು ಉಳಿದ ಲಾಭ ಪೂರ್ತಿ ಹೆಂಡತಿಯದೇ ಆಗುತ್ತಿತ್ತು.

ನನ್ನ ಹೆಂಡತಿಗೆ ನಾನು ಕೊಡದೆ, ಅಣ್ಣನ ಹೆಂಡತಿಗೆ ನಾನು, ನನ್ನ ಹೆಂಡತಿಗೆ ಅಣ್ಣ ಕೊಟ್ಟರೆ?

ಈ ಜಾಣತನ ಹಳೆಯದು. ನೇರವಾಗಿ ಅಥವಾ ಸುತ್ತಿ ಬಳಸಿ ಕೊಟ್ಟರೂ ಅಂತ ಕಾಯ್ದೆ ಹೇಳುತ್ತದೆ. ಅದಲು-ಬದಲು ಉಡುಗೊರೆಗಳನ್ನು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಒಂದೇ ವ್ಯವಹಾರ ಅಂತ ನೋಡಿ ಕ್ಲಬ್ಬಿಂಗ್ ಎತ್ತಿಹಿಡಿದಿದೆ.

ಮದುವೆಗೆ ಮುಂಚೆ ಕೊಟ್ಟಿದ್ದರೆ?

ಕ್ಲಬ್ಬಿಂಗ್ ಇಲ್ಲ. ಹಣ ಕೊಟ್ಟ ದಿನವೂ ಆದಾಯ ಬಂದ ದಿನವೂ ಇಬ್ಬರೂ ಗಂಡ-ಹೆಂಡತಿ ಆಗಿರಬೇಕು. ಮದುವೆಯಾಗಲಿದ್ದ ಹೆಣ್ಣಿಗೆ ಮೊದಲೇ ಷೇರು ಕೊಟ್ಟಿದ್ದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1963ರಲ್ಲಿ ಹೀಗೇ ತೀರ್ಪು ಕೊಟ್ಟಿತು. ಆದರೆ ಹುಷಾರು, ಮದುವೆಗೆ ಮುಂಚೆ ಅವರು ಕಾಯ್ದೆಯ ಕಣ್ಣಲ್ಲಿ ಸಂಬಂಧಿ ಅಲ್ಲ. ಸಂಬಂಧಿ ಅಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ದಾಟಿ ಹಣ ಬಂದರೆ, ಅದು ಮದುವೆಯ ಉಡುಗೊರೆ ಅಂತ ತೋರಿಸಲು ಆಗದಿದ್ದರೆ, ಪಡೆದವರಿಗೇ ತೆರಿಗೆ ಬೀಳಬಹುದು.

ವಿಚ್ಛೇದನವಾದ ಮೇಲೆ ಕ್ಲಬ್ಬಿಂಗ್ ನಿಲ್ಲುತ್ತದೆ. ಬೇರೆ ಬೇರೆ ಬದುಕಲು ಒಪ್ಪಂದ ಮಾಡಿಕೊಂಡು ಆ ಲೆಕ್ಕದಲ್ಲಿ ಕೊಟ್ಟ ಹಣಕ್ಕೂ ಇಲ್ಲ.

ಸೊಸೆಗೆ, ದೊಡ್ಡ ಮಗನಿಗೆ, ಅಪ್ಪ-ಅಮ್ಮನಿಗೆ ಕೊಟ್ಟರೆ?

ಸೊಸೆಗೆ ಕೊಟ್ಟರೆ ಕ್ಲಬ್ಬಿಂಗ್ ಇದೆ. ಅಳಿಯನಿಗೆ ಇಲ್ಲ! 18 ತುಂಬಿದ ಮಗ, ಮಗಳು, ತಂದೆ, ತಾಯಿ, ಅಣ್ಣ, ತಂಗಿ ಯಾರಿಗೂ ಇಲ್ಲ. ತಂದೆ ತಾಯಿಗೆ ಆದಾಯ ಕಡಿಮೆ ಇದ್ದರೆ ಅವರ ಹೆಸರಲ್ಲಿ ಎಫ್‌ಡಿ ಇಡುವುದು ಪೂರ್ತಿ ಕಾನೂನಿನೊಳಗಿನ ದಾರಿ. ಆದರೆ ಹಣ ನಿಜವಾಗಿ ಅವರದ್ದಾಗಬೇಕು. ನಾಳೆ ಅವರು ಅದನ್ನು ತಂಗಿಗೆ ಕೊಟ್ಟರೂ ನೀವು ತಕರಾರು ಮಾಡುವ ಹಾಗಿಲ್ಲ.

ಹೆಂಡತಿಯ ಪಿಪಿಎಫ್ ಖಾತೆಗೆ ಹಣ ಹಾಕಿದರೆ ನಿಯಮ ಅನ್ವಯಿಸುತ್ತದೆ, ಆದರೆ ಬಡ್ಡಿಗೆ ತೆರಿಗೆಯೇ ಇಲ್ಲದ್ದರಿಂದ ಕ್ಲಬ್ ಮಾಡಿದರೂ ಸೊನ್ನೆ. ಮಗಳ ಸುಕನ್ಯಾ ಸಮೃದ್ಧಿ ಖಾತೆಯದ್ದೂ ಅದೇ ಕಥೆ.

ಮಕ್ಕಳ ಹೆಸರಿನ ಎಫ್‌ಡಿ ಬಡ್ಡಿ ಯಾರದ್ದು? ಹಣ ಕೊಟ್ಟದ್ದು ಅಜ್ಜ.

ಇಲ್ಲಿ ನಿಯಮ ಪೂರ್ತಿ ತಿರುಗುತ್ತದೆ. ಹೆಂಡತಿಯ ವಿಷಯದಲ್ಲಿ ಹಣ ಕೊಟ್ಟವರು ಯಾರು ಅನ್ನುವುದೇ ಮುಖ್ಯ. 18 ತುಂಬದ ಮಕ್ಕಳ ವಿಷಯದಲ್ಲಿ ಆ ಪ್ರಶ್ನೆಯೇ ಇಲ್ಲ. ಅಜ್ಜ ಕೊಡಲಿ, ಸೋದರಮಾವ ಕೊಡಲಿ, ಮಗುವಿನ ಆದಾಯ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ. ಇಬ್ಬರಲ್ಲಿ ಯಾರಿಗೆ? ಮಗುವಿನ ಆದಾಯ ಬಿಟ್ಟು ಲೆಕ್ಕ ಹಾಕಿದಾಗ ಯಾರ ಒಟ್ಟು ಆದಾಯ ಜಾಸ್ತಿಯೋ ಅವರಿಗೆ. ತಾಯಿಯ ಸಂಬಳ 14 ಲಕ್ಷ, ತಂದೆಯದ್ದು 9 ಲಕ್ಷ ಆದರೆ ತಾಯಿಗೆ. ಎಫ್‌ಡಿ ಮಾಡಿಸಿದ್ದು ತಂದೆಯೇ ಆಗಿದ್ದರೂ, ಬ್ಯಾಂಕಿನಲ್ಲಿ ಪೋಷಕರ ಜಾಗದಲ್ಲಿ ಸಹಿ ಹಾಕಿದ್ದು ಅವರೇ ಆಗಿದ್ದರೂ.

ಒಮ್ಮೆ ತಾಯಿಗೆ ಸೇರಿಸಿದ ಮೇಲೆ ಮುಂದಿನ ವರ್ಷ ತಂದೆಯ ಆದಾಯ ಜಾಸ್ತಿ ಆಯಿತು ಅಂತ ಸುಮ್ನೆ ಅತ್ತ ಬದಲಿಸುವ ಹಾಗಿಲ್ಲ. ತೆರಿಗೆ ಅಧಿಕಾರಿ ಅಗತ್ಯ ಅಂತ ಕಂಡು, ನಿಮ್ಮ ಮಾತು ಕೇಳಿ, ಬದಲಿಸಿದರೆ ಮಾತ್ರ. ತಂದೆ ತಾಯಿ ವಿಚ್ಛೇದನ ಪಡೆದಿದ್ದರೆ ಮಗುವನ್ನು ಸಾಕುತ್ತಿರುವವರಿಗೆ ಸೇರುತ್ತದೆ. ಇಬ್ಬರೂ ಇಲ್ಲದ ಮಗುವಿನ ಆದಾಯ ಸಾಕುವ ಅಜ್ಜಿಗೋ ಚಿಕ್ಕಪ್ಪನಿಗೋ ಸೇರುವುದಿಲ್ಲ, ಅದು ಮಗುವಿನದ್ದೇ ಆಗಿ ಉಳಿಯುತ್ತದೆ.

1,500 ರೂಪಾಯಿ ವಿನಾಯಿತಿ ಅಂತ ಕೇಳಿದ್ದೆ?

ಇದೆ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಒಂದು ಮಗುವಿನ ಕ್ಲಬ್ ಆದ ಆದಾಯದಲ್ಲಿ 1,500 ಅಥವಾ ನಿಜವಾದ ಆದಾಯ, ಯಾವುದು ಕಡಿಮೆಯೋ ಅಷ್ಟು ಬಿಡಬಹುದು. ಇಬ್ಬರು ಮಕ್ಕಳ ಬಡ್ಡಿ 4,000 ಮತ್ತು 1,000 ಆದರೆ ವಿನಾಯಿತಿ 2,500. ಮೊದಲನೆಯ ಮಗುವಿನ ಪೂರ್ತಿ 1,500, ಎರಡನೆಯದರ 1,000. ಹೊಸ ಪದ್ಧತಿ ಆಯ್ದುಕೊಂಡವರಿಗೆ ಒಂದು ರೂಪಾಯಿಯೂ ಇಲ್ಲ.

ನಾಮಕರಣಕ್ಕೆ ಬಂದ ಮುಯ್ಯಿ?

ಮಗುವಿನ ಅಜ್ಜ-ಅಜ್ಜಿ, ಚಿಕ್ಕಪ್ಪ, ಸೋದರತ್ತೆಯಂಥ ಹತ್ತಿರದವರು ಕೊಟ್ಟ ಹಣಕ್ಕೆ ತೆರಿಗೆ ಇಲ್ಲ. ಗೆಳೆಯರು, ಆಫೀಸಿನವರು ಕೊಟ್ಟದ್ದು ವರ್ಷದಲ್ಲಿ ಒಟ್ಟು 50,000 ದಾಟಿದರೆ ಆ ಪೂರ್ತಿ ಮೊತ್ತ ಮಗುವಿನ ಆದಾಯ, ಹಾಗಾಗಿ ತಂದೆ ಅಥವಾ ತಾಯಿಗೆ ಕ್ಲಬ್. ಮದುವೆಯ ಮುಯ್ಯಿಗಿರುವ ರಿಯಾಯಿತಿ ನಾಮಕರಣಕ್ಕೆ, ಹುಟ್ಟುಹಬ್ಬಕ್ಕೆ ಇಲ್ಲ.

ಮಗಳು ಟಿವಿ ನೃತ್ಯ ಕಾರ್ಯಕ್ರಮದಲ್ಲಿ ಗಳಿಸಿದಳು. ಅದೂ ಅಪ್ಪನಿಗೇನಾ?

ಇಲ್ಲ. ಮಗು ತನ್ನ ಪ್ರತಿಭೆ, ಕೌಶಲ, ವಿಶೇಷ ಜ್ಞಾನದಿಂದ ಗಳಿಸಿದ್ದು, ಮೈಮುರಿದು ದುಡಿದು ಗಳಿಸಿದ್ದು ಮಗುವಿನ ಸ್ವಂತ ಆದಾಯ. ಕಾಯ್ದೆ ಹೇಳುವ ಮಟ್ಟದ ಅಂಗವೈಕಲ್ಯ ಇರುವ ಮಗುವಿನ ಆದಾಯವೂ ಹಾಗೇ, ಅದು ಬಡ್ಡಿಯೇ ಆಗಿದ್ದರೂ ಕ್ಲಬ್ ಆಗುವುದಿಲ್ಲ.

ನಮ್ಮ ಉದಾಹರಣೆಯ ಹುಡುಗಿಗೆ 3,00,000 ಸಂಭಾವನೆ ಬಂತು. ಕಾರ್ಯಕ್ರಮ ಮಾಡಿದವರು ವೃತ್ತಿ ಶುಲ್ಕ ಅಂತ ಶೇ 10 ಟಿಡಿಎಸ್ ಹಿಡಿದು 2,70,000 ಕೊಟ್ಟರು. ಅವಳ ಹೆಸರಲ್ಲಿ ಪ್ಯಾನ್ ಮಾಡಿಸಿ, ತಂದೆ ಅವಳ ಪ್ರತಿನಿಧಿಯಾಗಿ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು ಅವಳದ್ದೇ ರಿಟರ್ನ್ ಹಾಕಬೇಕು. ಹೊಸ ಪದ್ಧತಿಯ 4,00,000ದ ಮಿತಿಯೊಳಗೆ ಇರುವುದರಿಂದ ತೆರಿಗೆ ಇಲ್ಲ, ಹಿಡಿದ 30,000 ರಿಫಂಡ್ ಬರುತ್ತದೆ.

ಈಗ ಗಮನಿಸಿ. ಆ 2,70,000ವನ್ನು ಅವಳ ಹೆಸರಲ್ಲೇ ಶೇ 7ಕ್ಕೆ ಎಫ್‌ಡಿ ಇಟ್ಟರು. ವರ್ಷಕ್ಕೆ 18,900 ಬಡ್ಡಿ. ಕುಣಿದದ್ದು ಅವಳು, ಬಡ್ಡಿ ಗಳಿಸಿದ್ದು ಬ್ಯಾಂಕಿನಲ್ಲಿದ್ದ ಹಣ. ಹಾಗಾಗಿ ಬಡ್ಡಿ ಅಪ್ಪನಿಗೆ ಕ್ಲಬ್. ಗಳಿಕೆ ಮಗಳ ರಿಟರ್ನ್‌ನಲ್ಲಿ, ಅದೇ ಗಳಿಕೆಯ ಬಡ್ಡಿ ಅಪ್ಪನ ರಿಟರ್ನ್‌ನಲ್ಲಿ. ಎರಡನ್ನೂ ಮಗಳ ರಿಟರ್ನ್‌ಗೆ ಹಾಕಿಬಿಡುವುದು ಸಾಮಾನ್ಯ ತಪ್ಪು.

ಅದೃಷ್ಟದ ಚೀಟಿ ಎತ್ತಿ ಬಂದ ಬಹುಮಾನದಲ್ಲಿ ಪ್ರತಿಭೆ ಏನೂ ಇಲ್ಲ, ಅದು ಕ್ಲಬ್ ಆಗುತ್ತದೆ. ಮಗುವಿನ ಯೂಟ್ಯೂಬ್ ಚಾನೆಲ್ ಆದರೆ ಯಾರ ಕೆಲಸ ಅಂತ ಪ್ರಾಮಾಣಿಕವಾಗಿ ನೋಡಿ. ಹಾಡುವುದು ಮಗು ಆದರೆ ಒಂದು ವಾದ ನಿಲ್ಲುತ್ತದೆ. ಮೂರು ವರ್ಷದ ಮಗು ಆಟಿಕೆ ಬಿಚ್ಚುತ್ತದೆ, ಶೂಟಿಂಗ್, ಎಡಿಟಿಂಗ್, ಜಾಹೀರಾತು ಒಪ್ಪಂದ ಎಲ್ಲ ತಾಯಿಯದ್ದು ಅಂದರೆ ಅದು ತಾಯಿಯ ವ್ಯಾಪಾರ. ಕ್ಲಬ್ಬಿಂಗ್ ಮಾತೇ ಬರುವುದಿಲ್ಲ ಅಂತ ನನ್ನ ಅನಿಸಿಕೆ.

ವರ್ಷದ ಮಧ್ಯೆ 18 ತುಂಬಿದರೆ?

ಹುಟ್ಟುಹಬ್ಬದ ಹಿಂದಿನ ಬಡ್ಡಿ ತಂದೆ ಅಥವಾ ತಾಯಿಗೆ, ನಂತರದ್ದು ಮಗುವಿಗೆ. ಅಕ್ಟೋಬರ್ 1ಕ್ಕೆ 18 ತುಂಬಿದರೆ 18,900ರಲ್ಲಿ ಸುಮಾರು ಅರ್ಧ ಅರ್ಧ. ಬ್ಯಾಂಕ್ ಮಾರ್ಚ್‌ನಲ್ಲಿ ಒಟ್ಟಿಗೆ ಬಡ್ಡಿ ಕೊಟ್ಟರೂ ದಿನಗಳ ಲೆಕ್ಕದಲ್ಲಿ ಭಾಗ ಮಾಡಿ.

ರಿಟರ್ನ್‌ನಲ್ಲಿ ಎಲ್ಲಿ ತೋರಿಸಬೇಕು?

ITR-2 ಅಥವಾ ITR-3ರಲ್ಲಿ `Schedule SPI` ಅಂತ ಒಂದು ಭಾಗ ಇದೆ. ಅಲ್ಲಿ ಹೆಂಡತಿ ಅಥವಾ ಮಗುವಿನ ಹೆಸರು, ಸಂಬಂಧ, ಮೊತ್ತ, ಯಾವ ಬಗೆಯ ಆದಾಯ ಅಂತ ತುಂಬಬೇಕು. ಅಷ್ಟೇ ಸಾಲದು. ಬಡ್ಡಿಯಾದರೆ ಇತರ ಆದಾಯದಲ್ಲಿ, ಬಾಡಿಗೆಯಾದರೆ ಮನೆ ಆದಾಯದಲ್ಲಿ, ಆ ಮೊತ್ತ ಸೇರಿದೆಯಾ ಅಂತ ಕೊನೆಯ ಒಟ್ಟು ಮೊತ್ತ ನೋಡಿ ಖಾತ್ರಿ ಮಾಡಿಕೊಳ್ಳಿ. `Schedule SPI` ತುಂಬಿ, ಆದಾಯ ಸೇರಿಸುವುದನ್ನೇ ಮರೆಯುವವರಿದ್ದಾರೆ.

ಟಿಡಿಎಸ್ ಹೆಂಡತಿಯ ಪ್ಯಾನ್‌ನಲ್ಲಿ ಹಿಡಿದಿದ್ದಾರೆ. ತೆರಿಗೆ ಕಟ್ಟುವುದು ನಾನು. ಆ ಹಣ?

ನಿಜವಾದ ತಲೆನೋವು ಇದು. 70,000 ಬಡ್ಡಿ 50,000ದ ಮಿತಿ ದಾಟಿದ್ದರಿಂದ ಬ್ಯಾಂಕ್ ಶೇ 10, ಅಂದರೆ 7,000 ಹಿಡಿಯುತ್ತದೆ. ಅದು ಹೆಂಡತಿಯ ಪ್ಯಾನ್‌ನಲ್ಲಿ ಹಿಡಿದ ತೆರಿಗೆಯ ಪಟ್ಟಿ 26ASನಲ್ಲಿ ಕಾಣುತ್ತದೆ. ಜನ ಏನು ಮಾಡುತ್ತಾರೆ ಅಂದರೆ, ಹೆಂಡತಿಯ ಹೆಸರಲ್ಲಿ ರಿಟರ್ನ್ ಹಾಕಿ, 70,000 ಅವರ ಆದಾಯ ಅಂತ ತೋರಿಸಿ, 7,000 ರಿಫಂಡ್ ತಗೊಂಡು ಸುಮ್ಮನಾಗುತ್ತಾರೆ. ಗಂಡನ ರಿಟರ್ನ್‌ನಲ್ಲಿ ಏನೂ ಇಲ್ಲ. 21,840 ಬಾಕಿ ಉಳಿಯಿತು, ಜೊತೆಗೆ ತಪ್ಪು ಲೆಕ್ಕ ಹೆಂಡತಿಯ ರಿಟರ್ನ್‌ನಲ್ಲಿ ದಾಖಲೆಯಾಗಿ ಕೂತಿತು.

ಸರಿಯಾದ ಕ್ರಮ ಹೀಗಿದೆ. ಈ ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತದೆ, ಟಿಡಿಎಸ್ ಅವರ ಪ್ಯಾನ್‌ಗೆ ತೋರಿಸಿ ಅಂತ ಹೆಂಡತಿ ಬ್ಯಾಂಕಿಗೆ ಬರೆದು ಕೊಡಬೇಕು. ನಿಯಮ 37BA ಇದಕ್ಕೇ ಇದೆ. ಎಲ್ಲ ಶಾಖೆಯವರೂ ಇದನ್ನು ಮಾಡಿ ಅಭ್ಯಾಸ ಇರುವವರಲ್ಲ, ಸ್ವಲ್ಪ ಓಡಾಟ ಆಗಬಹುದು. ರಿಟರ್ನ್‌ನ ಟಿಡಿಎಸ್ ಭಾಗದಲ್ಲೂ ಬೇರೆಯವರ ಪ್ಯಾನ್‌ನಲ್ಲಿರುವ ಟಿಡಿಎಸ್ ಅನ್ನು, ಆ ಪ್ಯಾನ್ ನಮೂದಿಸಿ, ಕೇಳಲು ಜಾಗ ಇದೆ. ಹೆಂಡತಿ ರಿಟರ್ನ್ ಹಾಕುವುದಾದರೆ ಅದೇ 7,000ವನ್ನು ಅಲ್ಲಿ ಕೇಳಬಾರದು. ಎರಡೂ ಕಡೆ ಕೇಳಿದರೆ ನೋಟಿಸ್ ಖಾತ್ರಿ.

ತೆರಿಗೆ ಪೋರ್ಟಲ್‌ನಲ್ಲಿ ಹೆಂಡತಿಯ ವರ್ಷದ ಆದಾಯ-ವ್ಯವಹಾರಗಳ ಪಟ್ಟಿ AISನಲ್ಲಿ ಆ ಬಡ್ಡಿಯ ಎದುರು `Information relates to other PAN/Year` ಅಂತ ಆಯ್ಕೆ ಮಾಡಿ ಗಂಡನ ಪ್ಯಾನ್ ಕೊಡಿ. ಆಗ ಹೆಂಡತಿಗೆ ಆದಾಯ ಮುಚ್ಚಿಟ್ಟಿದ್ದೀರಿ ಅಂತ ಸಂದೇಶ ಬಂದರೂ ಉತ್ತರ ಸಿದ್ಧ ಇರುತ್ತದೆ.

ಹಿಂದಿನ ವರ್ಷಗಳಲ್ಲಿ ತೋರಿಸದೆ ಬಿಟ್ಟಿದ್ದೇನೆ. ಈಗ?

ನೋಟಿಸ್ ಬರುವವರೆಗೆ ಕಾಯಬೇಡಿ. ಇಲಾಖೆಯೇ ಹಿಡಿದರೆ ಕಡಿಮೆ ತೋರಿಸಿದ ಆದಾಯದ ತೆರಿಗೆಯ ಶೇ 50, ಬೇಕೆಂದೇ ತಪ್ಪು ತೋರಿಸಿದ್ದು ಅಂತ ಆದರೆ ಶೇ 200 ದಂಡ. ನೀವೇ ಮುಂದಾಗಿ ತಿದ್ದಿದ ಲೆಕ್ಕದ ITR-U ರಿಟರ್ನ್ ಹಾಕಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಹೆಚ್ಚುವರಿ ಕಟ್ಟಬೇಕು. ಅಸೆಸ್‌ಮೆಂಟ್ ವರ್ಷ, ಅಂದರೆ ಆದಾಯ ಬಂದ ಹಣಕಾಸು ವರ್ಷದ ಮರುವರ್ಷ, ಮುಗಿದು 12 ತಿಂಗಳೊಳಗೆ ಆದರೆ ಶೇ 25, 24 ತಿಂಗಳೊಳಗೆ ಶೇ 50, 36ರೊಳಗೆ ಶೇ 60, 48ರೊಳಗೆ ಶೇ 70. ನಮ್ಮ 21,840ಕ್ಕೆ ಮೊದಲ ವರ್ಷದಲ್ಲೇ ಆದರೆ ಹೆಚ್ಚುವರಿ 5,460, ಕೊನೆಯ ವರ್ಷ ಆದರೆ 15,288. ಅದರ ಮೇಲೆ ತಡವಾದ ಬಡ್ಡಿಯ ಪಾಲು ಬೇರೆ. 48 ತಿಂಗಳು ದಾಟಿದ ಮೇಲೆ ಈ ಬಾಗಿಲು ಇಲ್ಲ.